“ಜುಲೈ 1ರಿಂದ ಹೊಸ ದರ” ಎಂದು ಬರೆದೆವು, ಯಾವುದರ ಜುಲೈ 1 ಎಂದು ಬರೆಯಲಿಲ್ಲ

ನಾನು ಕೆಲಸ ಮಾಡುತ್ತಿದ್ದ ಘಟಕದಲ್ಲಿ ರಟ್ಟಿನ ಪೆಟ್ಟಿಗೆ ತಯಾರಾಗುತ್ತಿತ್ತು. ಬೇರೆ ಕಾರ್ಖಾನೆಗಳು ತಮ್ಮ ಸಾಮಾನು ತುಂಬಿ ಕಳುಹಿಸುವ ಕಂದು ಬಣ್ಣದ ಡಬ್ಬಗಳು. 64 ಗ್ರಾಹಕರಿದ್ದರು. ಆರ್ಡರ್ ತೆಗೆದುಕೊಳ್ಳುವುದರಿಂದ ಹಿಡಿದು ಬಿಲ್ ಹೊರಡುವವರೆಗಿನ ಕಾಗದಪತ್ರವೆಲ್ಲ ನನ್ನ ಮೇಜಿನ ಮೇಲೇ ಹಾದುಹೋಗುತ್ತಿತ್ತು. ಒಂದು ವರ್ಷ ನಾವು ಬೆಲೆ ಏರಿಸಿದೆವು. ಏರಿಸಿದ್ದು ತಪ್ಪಲ್ಲ, ಏರಿಸಲೇಬೇಕಿತ್ತು. ತಪ್ಪಿದ್ದು ಅದನ್ನು ತಿಳಿಸಿದ ಪತ್ರದಲ್ಲಿ. ಐದು ಸಾಲಿನ ಆ ಪತ್ರವನ್ನು ಬರೆದದ್ದು ನಾನೇ.

ಜೂನ್ 18ರಂದು ಎಲ್ಲ ಗ್ರಾಹಕರಿಗೂ ಹೋದ ಪತ್ರ ಹೀಗಿತ್ತು:

“ಮಾನ್ಯರೇ, ಕಚ್ಚಾವಸ್ತುಗಳ ಬೆಲೆ ಏರಿಕೆ ಹಾಗೂ ಇತರ ಕಾರಣಗಳಿಂದಾಗಿ ನಮ್ಮ ಎಲ್ಲ ಉತ್ಪನ್ನಗಳ ದರವನ್ನು ಜುಲೈ 1ರಿಂದ ಜಾರಿಗೆ ಬರುವಂತೆ ಶೇ. 9ರಷ್ಟು ಪರಿಷ್ಕರಿಸಲಾಗಿದೆ. ಎಂದಿನಂತೆ ತಮ್ಮ ಸಹಕಾರವನ್ನು ಕೋರುತ್ತೇವೆ.”

ಓದಿದರೆ ಏನೂ ಕೊರತೆ ಕಾಣುವುದಿಲ್ಲ ಅಲ್ವಾ? ದಿನಾಂಕ ಇದೆ, ಕಾರಣ ಇದೆ, ಎಷ್ಟು ಏರಿಕೆ ಅಂತಲೂ ಇದೆ. ಮಾಲೀಕರು ಓದಿ ಸಹಿ ಹಾಕಿದರು. ಎರಡು ವಾರ ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಒಪ್ಪಿಕೊಂಡರು ಅಂತ ನಾವು ಅಂದುಕೊಂಡೆವು. ನಿಜ ಏನೆಂದರೆ, ಪ್ರತಿಯೊಬ್ಬರೂ ಆ ಪತ್ರವನ್ನು ತಮಗೆ ಅನುಕೂಲವಾಗುವ ಹಾಗೆ ಓದಿಕೊಂಡು ಸುಮ್ಮನಿದ್ದರು.

ಜುಲೈ 1ರ ಬೆಳಿಗ್ಗೆ ನಮ್ಮಲ್ಲಿ 38 ಆರ್ಡರ್‌ಗಳು ಬಾಕಿ ಇದ್ದವು. ಕೆಲವು ಇನ್ನೂ ಮೆಷಿನ್ ಮೇಲೆ, ಕೆಲವು ಕಟ್ಟಿಟ್ಟು ಲಾರಿಗಾಗಿ ಕಾಯುತ್ತಿದ್ದವು. ಎಲ್ಲವೂ ಜೂನ್‌ನಲ್ಲಿ, ಹಳೆ ದರಕ್ಕೆ ಬರೆದುಕೊಂಡ ಆರ್ಡರ್‌ಗಳು. ಅದೇ ಬೆಳಿಗ್ಗೆ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ದರಪಟ್ಟಿಯನ್ನು ತಿದ್ದಿ ಹೊಸ ದರ ಹಾಕಿದೆವು. ನಮ್ಮ ಸಾಫ್ಟ್‌ವೇರ್ ಬಿಲ್ ಮಾಡುವಾಗ ಆರ್ಡರ್‌ನಲ್ಲಿದ್ದ ದರವನ್ನು ನೋಡುತ್ತಿರಲಿಲ್ಲ, ಅವತ್ತಿನ ದರಪಟ್ಟಿಯನ್ನು ನೋಡುತ್ತಿತ್ತು. ಅದು ಹೀಗೆ ಕೆಲಸ ಮಾಡುತ್ತದೆ ಅಂತ ನಮಗೆ ಅಲ್ಲಿಯವರೆಗೆ ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ, ಯಾಕೆಂದರೆ ದರ ಬದಲಾಗಿ ಬಹಳ ಕಾಲವಾಗಿತ್ತು. ನಾಲ್ಕು ದಿನದಲ್ಲಿ 14 ಬಿಲ್‌ಗಳು ಹೊರಬಿದ್ದವು. ಜೂನ್‌ನ ಆರ್ಡರ್, ಜುಲೈನ ದರ.

ಮೊದಲ ಫೋನ್ ಬಂದದ್ದು ಪಂಪ್‌ನ ಬಿಡಿಭಾಗ ಮಾಡುವ ಕಂಪನಿಯ ಪರ್ಚೇಸ್ ವಿಭಾಗದಿಂದ. ಮಾತು ಗಟ್ಟಿಯಾಗಿರಲಿಲ್ಲ, ಬೇಸರದ ದನಿ. “ಸರ್, ನಮ್ಮ ಪಿಒನಲ್ಲಿ ಒಂದು ರೇಟ್, ನಿಮ್ಮ ಬಿಲ್‌ನಲ್ಲಿ ಇನ್ನೊಂದು ರೇಟ್. ಸಿಸ್ಟಮ್ ಬಿಲ್ ತಗೋತಾ ಇಲ್ಲ. ಮಾಲು ಗೇಟ್ ಒಳಗೆ ಬಂದಾಗಿದೆ, ಅಕೌಂಟ್ಸ್‌ನವರು ತಡೆದು ಇಟ್ಟಿದ್ದಾರೆ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಜವಾದ ಪೆಟ್ಟು ಬಿದ್ದದ್ದು ಇಲ್ಲೇ. ಸ್ವಲ್ಪ ದೊಡ್ಡ ಕಂಪನಿಗಳಲ್ಲಿ ಬಿಲ್ ಪಾಸ್ ಆಗಬೇಕಾದರೆ ಮೂರು ಕಾಗದ ಒಂದಕ್ಕೊಂದು ಹೊಂದಬೇಕು: ಅವರ ಪರ್ಚೇಸ್ ಆರ್ಡರ್ ಅಂದರೆ ಪಿಒ, ಮಾಲು ಬಂದದ್ದಕ್ಕೆ ಅವರ ಸ್ಟೋರ್‌ನವರು ಬರೆದ ರಸೀದಿ, ಮತ್ತು ನಮ್ಮ ಬಿಲ್. ದರದಲ್ಲಿ ವ್ಯತ್ಯಾಸ ಬಂದರೆ ತಡೆಯುವುದು ಆ ಶೇ. 9ರ ವ್ಯತ್ಯಾಸವನ್ನಲ್ಲ, ಇಡೀ ಬಿಲ್ಲನ್ನು. ಅಂದರೆ 9 ಜಾಸ್ತಿ ಕೇಳಲು ಹೋಗಿ ಬರಬೇಕಿದ್ದ 100ನ್ನೂ ನಿಲ್ಲಿಸಿಕೊಂಡೆವು. ಹದಿನಾಲ್ಕು ಬಿಲ್‌ಗಳಲ್ಲೂ ಇದೇ ಆಯಿತು, ಇಲ್ಲವೇ ಆಗುವುದರಲ್ಲಿತ್ತು.

ಮುಂದಿನ ಎರಡು ದಿನದಲ್ಲಿ ನಾನು ಗ್ರಾಹಕರ ಜೊತೆ ಮಾತಾಡುತ್ತಾ ಹೋದ ಹಾಗೆ, ನಮ್ಮ ಒಂದೇ ವಾಕ್ಯಕ್ಕೆ ಮೂರು ಅರ್ಥ ಇದ್ದದ್ದು ಗೊತ್ತಾಯಿತು. “ಜುಲೈ 1ರಿಂದ” ಎಂದರೆ ಜುಲೈ 1ರಿಂದ ಕೊಡುವ ಆರ್ಡರ್‌ಗಳಿಗೆ ಅಂತ ಹೆಚ್ಚಿನ ಗ್ರಾಹಕರು ಓದಿಕೊಂಡಿದ್ದರು. ನಮ್ಮ ಮಾಲೀಕರ ಮನಸ್ಸಿನಲ್ಲಿದ್ದದ್ದು ಜುಲೈ 1ರಿಂದ ಲಾರಿ ಹತ್ತುವ ಮಾಲಿಗೆ ಅಂತ. ಸಾಫ್ಟ್‌ವೇರ್ ಮಾಡಿದ್ದು ಜುಲೈ 1ರಿಂದ ಬರೆಯುವ ಬಿಲ್‌ಗಳಿಗೆ. ಲಾರಿ ಹತ್ತುವ ದಿನ ಮತ್ತು ಬಿಲ್ ದಿನ ನಮ್ಮಲ್ಲಿ ಸಾಮಾನ್ಯವಾಗಿ ಒಂದೇ. ಆದರೆ ಆರ್ಡರ್ ದಿನಕ್ಕೂ ಇವಕ್ಕೂ ನಡುವೆ ಎರಡು ಮೂರು ವಾರ ಇರುತ್ತಿತ್ತು. ಜಗಳವೆಲ್ಲ ಆ ಎರಡು ಮೂರು ವಾರದಲ್ಲಿ ಸಿಕ್ಕಿಹಾಕಿಕೊಂಡ ಮಾಲಿನದ್ದು.

ಇನ್ನೊಂದು ಪತ್ರ ಬಂತು. ಔಷಧಿ ತಯಾರಿಸುವ ಕಂಪನಿಯದ್ದು. ಅವರಿಗೂ ನಮಗೂ ವರ್ಷದ ರೇಟ್ ಕಾಂಟ್ರ್ಯಾಕ್ಟ್ ಇತ್ತು. ಪೇಪರ್ ಬೆಲೆ ಬದಲಾದರೆ 30 ದಿನ ಮೊದಲು ಲಿಖಿತವಾಗಿ ತಿಳಿಸಿ, ಪೇಪರ್ ಭಾಗವನ್ನಷ್ಟೇ ಪರಿಷ್ಕರಿಸಬಹುದು ಅಂತ ಅದರಲ್ಲಿ ಒಂದು ಕರಾರು. ಅವರು ಆ ಕರಾರನ್ನು ಹಾಗೇ ನಕಲು ಮಾಡಿ ಕಳುಹಿಸಿದ್ದರು. ಬೇರೆ ಒಂದು ಮಾತೂ ಇರಲಿಲ್ಲ. ನಾವು ಕೊಟ್ಟದ್ದು 12 ದಿನ. ಶೇ. 9ರಲ್ಲಿ ಪೇಪರ್ ಎಷ್ಟು, ಉಳಿದದ್ದು ಎಷ್ಟು ಅಂತ ಬರೆದಿರಲೇ ಇಲ್ಲ.

ಜುಲೈ 5ರ ಸಂಜೆ ಮಾಲೀಕರು ಬಿಲ್ಲಿಂಗ್ ನಿಲ್ಲಿಸಿದರು. ಕೂತು ಮೊದಲಿಂದ ಲೆಕ್ಕ ಹಾಕಿದೆವು.

ಮೊದಲು ಕಾರಣದ ಲೆಕ್ಕ. ಪೇಪರ್ ಮಿಲ್‌ಗಳು ಕ್ರಾಫ್ಟ್ ಪೇಪರ್ ಬೆಲೆಯನ್ನು ಶೇ. 14 ಏರಿಸಿದ್ದವು. ಸಾಗಣೆ ವೆಚ್ಚ ಶೇ. 10 ಏರಿತ್ತು. ನಮ್ಮ ಪೆಟ್ಟಿಗೆಯ ಬೆಲೆ 100 ಅಂತ ಇಟ್ಟುಕೊಂಡರೆ ಅದರಲ್ಲಿ ಪೇಪರ್ 58, ಸಾಗಣೆ 7, ಕೂಲಿ, ಕರೆಂಟು, ಗೋಂದು, ಇಂಕು ಎಲ್ಲ ಸೇರಿ 24, ನಮಗೆ ಉಳಿಯುವುದು 11. ಪೇಪರ್‌ನಿಂದ ಬಂದ ಹೊರೆ 58ರ ಶೇ. 14, ಅಂದರೆ 8.1. ಸಾಗಣೆಯಿಂದ 0.7. ಒಟ್ಟು 8.8. ಇದನ್ನೇ ಮಾಲೀಕರು ಬಾಯಿಲೆಕ್ಕದಲ್ಲಿ 9 ಅಂತ ಮಾಡಿದ್ದರು. 0.2 ಏನು ಮಹಾ ಅನ್ನಬಹುದು. ಆದರೆ ಗ್ರಾಹಕರು ಕೂತು ಲೆಕ್ಕ ಹಾಕಿದಾಗ 8.8 ಬಂದು, ನಮ್ಮ ಪತ್ರದಲ್ಲಿ 9 ಇದ್ದರೆ, ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ.

ಇಲ್ಲಿ ಬಹಳ ಮಂದಿ ಮಾಡುವ ದೊಡ್ಡ ತಪ್ಪು ಬೇರೆಯೇ ಇದೆ. ಕಚ್ಚಾವಸ್ತು ಶೇ. 14 ಏರಿತು ಅಂತ ಮಾಲಿನ ಬೆಲೆಯನ್ನೂ ಶೇ. 14 ಏರಿಸಿಬಿಡುವುದು. ಏರಿದ ವಸ್ತು ಬೆಲೆಯಲ್ಲಿ ಎಷ್ಟು ಪಾಲೋ ಅಷ್ಟಕ್ಕೆ ಮಾತ್ರ ಆ ಏರಿಕೆ ತಟ್ಟುತ್ತದೆ. ತಿಳಿದ ಗ್ರಾಹಕರು ಇದನ್ನು ಒಂದೇ ನಿಮಿಷದಲ್ಲಿ ಹಿಡಿಯುತ್ತಾರೆ.

ನಮ್ಮ ಲೆಕ್ಕ ಇಷ್ಟು ನೇರವಾಗಿತ್ತು. ಹಾಗಿದ್ದೂ ಪತ್ರದಲ್ಲಿ “ಇತರ ಕಾರಣಗಳಿಂದಾಗಿ” ಅಂತ ಬರೆದಿದ್ದೆ. ಈಗ ಅದನ್ನು ನೆನೆದರೆ ನಿಜಕ್ಕೂ ಕಸಿವಿಸಿಯಾಗುತ್ತದೆ. ನಮ್ಮ ಪತ್ರ ಓದುವ ಪರ್ಚೇಸ್‌ನವರು ಬೆಲೆ ಒಪ್ಪುವವರಲ್ಲ, ತಮ್ಮ ಮೇಲಿನವರನ್ನು ಒಪ್ಪಿಸಬೇಕಾದವರು. ಅವರ ಕೈಗೆ ಏನು ಕೊಟ್ಟಿದ್ದೆವು? ಅವರು ಅದನ್ನು ಹಿಡಿದುಕೊಂಡು ಮ್ಯಾನೇಜರ್ ಮುಂದೆ ನಿಂತರೆ ಮೊದಲ ಪ್ರಶ್ನೆಗೇ ಉತ್ತರವಿಲ್ಲ. ಹಾಗೇ ಮುಂದಕ್ಕೆ ಕಳುಹಿಸಬಹುದಾದ ಒಂದು ಪ್ಯಾರಾ ನಾವು ಬರೆದುಕೊಡಬೇಕಿತ್ತು. ಇಡೀ ಲೆಕ್ಕ ಬೇಡ, ನಮಗೆ ಉಳಿಯುವ 11ನ್ನು ಹೇಳುವ ಅಗತ್ಯ ಖಂಡಿತ ಇಲ್ಲ. ಯಾವುದು ಎಷ್ಟು ಏರಿತು, ಅದರ ಪಾಲು ಎಷ್ಟು, ಉಳಿದ ಖರ್ಚನ್ನು ದರಕ್ಕೆ ಸೇರಿಸಿಲ್ಲ ಅನ್ನುವ ಮಾತು. ಇಷ್ಟು ಸಾಕು. ಇದಕ್ಕೆ ಒಂದು ಬೆಲೆಯೂ ಇದೆ. ಪಾಲನ್ನು ಹೇಳಿದ ಮೇಲೆ, ನಾಳೆ ಪೇಪರ್ ಇಳಿದಾಗ ಗ್ರಾಹಕರು ಅದೇ ಲೆಕ್ಕ ಹಿಡಿದು ಬರುತ್ತಾರೆ. ಬರಲಿ ಅಂತ ತೀರ್ಮಾನಿಸಿದೆವು.

ಆಮೇಲೆ ದಿನಾಂಕ. ಮಾಲೀಕರಿಗೆ ಜುಲೈ 1 ಯಾಕೆ ಬೇಕಿತ್ತು ಅನ್ನುವುದಕ್ಕೆ ಕಾರಣವಿತ್ತು. ಗೋದಾಮಿನಲ್ಲಿದ್ದ ಹಳೆ ಬೆಲೆಯ ಪೇಪರ್ ಜೂನ್ ಕೊನೆಗೆ ಮುಗಿಯುತ್ತಿತ್ತು. ಜುಲೈನಿಂದ ಉರುಳುವ ಪ್ರತಿ ರೀಲೂ ಹೊಸ ಬೆಲೆಯದ್ದು. ಖರ್ಚಿನ ದೃಷ್ಟಿಯಿಂದ ಆ ದಿನಾಂಕ ಸರಿಯೇ. ಆದರೆ ಮಿಲ್‌ಗಳು ನಮಗೆ ಹೇಳಿದ್ದು ಜೂನ್ ಮೊದಲ ವಾರದಲ್ಲಿ. ಪತ್ರ ಹೊರಟದ್ದು 18ಕ್ಕೆ. ಆ ಹತ್ತು ಹನ್ನೆರಡು ದಿನ ನಾವು ಶೇಕಡಾವಾರಿನ ಬಗ್ಗೆ ಮಾತಾಡುತ್ತಾ ಕಳೆದುಬಿಟ್ಟೆವು. ದಿನಾಂಕದ ಲೆಕ್ಕ ಮಾಡಬೇಕಾದದ್ದು ಹಿಂದಿನಿಂದ: ಹಳೆ ದಾಸ್ತಾನು ಮುಗಿಯುವ ದಿನ, ಅದಕ್ಕಿಂತ ಮೊದಲು ಗ್ರಾಹಕರಿಗೆ ಬೇಕಾದ ದಿನಗಳು, ಅದಕ್ಕೂ ಮೊದಲು ನಾವು ಪತ್ರ ಬರೆಯಲು ಬೇಕಾದ ದಿನಗಳು.

ಜುಲೈ 6ರ ಬೆಳಿಗ್ಗೆ ಎರಡು ದಾರಿ ಮುಂದಿದ್ದವು. ಒಂದು, ಜುಲೈ 1ನ್ನೇ ಉಳಿಸಿಕೊಂಡು “ಅದು ಆರ್ಡರ್ ದಿನಾಂಕ” ಅಂತ ಸ್ಪಷ್ಟಪಡಿಸುವುದು. ಇನ್ನೊಂದು, ಮೊದಲ ಪತ್ರವನ್ನು ಪೂರ್ತಿ ಹಿಂತೆಗೆದುಕೊಂಡು ಆಗಸ್ಟ್ 1ಕ್ಕೆ ಹೋಗುವುದು. ಮೊದಲನೆಯದು ಅಗ್ಗ. ಮಾಲೀಕರು ಅದನ್ನೇ ಬಯಸಿದ್ದರು. ನಾನು ಎರಡನೆಯದಕ್ಕೆ ವಾದ ಮಾಡಿದೆ. ಗೊಂದಲದ ಪತ್ರದ ಮೇಲೆ ಇನ್ನೊಂದು ಪತ್ರ ಹೇರಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. ತಿದ್ದಿದ ದಿನಾಂಕವೂ ಹಿಂದಿನದ್ದೇ ಆಗಿದ್ದರೆ, ಆಗಲೇ ಕಳೆದುಹೋದ ದಿನಕ್ಕೆ ದರ ಏರಿಸಿದ ಹಾಗೆ ಕಾಣುತ್ತದೆ. ಕೊನೆಗೆ ಆಗಸ್ಟ್ 1 ಆಯಿತು. ಅದು ಸುಲಭದ ತೀರ್ಮಾನ ಆಗಿರಲಿಲ್ಲ. ಜುಲೈ ಇಡೀ ತಿಂಗಳು ಪ್ರತಿ 100ರ ಮಾರಾಟಕ್ಕೆ 8.8 ನಮ್ಮ ಕೈಯಿಂದ ಹೋಯಿತು. 11 ಉಳಿಯುವ ಕಡೆ 2.2 ಉಳಿಯಿತು. ಪತ್ರ ಜೂನ್ 5ಕ್ಕೆ ಸರಿಯಾಗಿ ಹೋಗಿದ್ದರೆ ಹೊಸ ಆರ್ಡರ್‌ಗಳ ಮಟ್ಟಿಗಾದರೂ ಈ ನಷ್ಟ ಆಗುತ್ತಿರಲಿಲ್ಲ.

ಇನ್ನು ಬಾಕಿ ಆರ್ಡರ್‌ಗಳು. ಇಲ್ಲಿ ನಾವು ಅತಿ ಹೆಚ್ಚು ಹೊತ್ತು ಕಳೆದೆವು. 38 ಆರ್ಡರ್‌ಗಳ ಕಾಗದಗಳನ್ನು ಮೇಜಿನ ಮೇಲೆ ಹರಡಿ ಒಂದೊಂದಾಗಿ ಓದಿದೆವು. ಬಾಕಿ ಆರ್ಡರ್ ಅನ್ನುವುದು ಒಂದೇ ಜಾತಿಯದ್ದಲ್ಲ ಅಂತ ಆಗ ಕಂಡಿತು.

ಹೆಚ್ಚಿನವು ನೇರವಾಗಿದ್ದವು. ಗ್ರಾಹಕರು ದರ ಬರೆದು ಪಿಒ ಕಳುಹಿಸಿದ್ದಾರೆ, ನಾವು “ಸರಿ” ಅಂತ ಬರೆದು ಒಪ್ಪಿದ್ದೇವೆ. ಅಲ್ಲಿಗೆ ಆ ದರಕ್ಕೆ ಒಪ್ಪಂದ ಆಯಿತು. ದರ ಬದಲಿಸಬಹುದು ಅಂತ ಆ ಒಪ್ಪಂದದಲ್ಲೇ ಬರೆದಿಲ್ಲದಿದ್ದರೆ, ಆಮೇಲೆ ಕಳುಹಿಸಿದ ಪತ್ರದಿಂದ ಒಂದು ಕಡೆಯವರು ಅದನ್ನು ಬದಲಿಸಲಾಗದು. ಮಾಲೀಕರಿಗೆ ಇದನ್ನು ಒಪ್ಪಿಸುವುದು ಕಷ್ಟವಾಯಿತು. “ಹೊಸ ಪೇಪರ್ ಹಾಕಿ ಹಳೆ ರೇಟಿಗೆ ಕೊಡೋದಾ?” ಅಂತ ಕೇಳಿದರು. ನೋವಿನ ಪ್ರಶ್ನೆಯೇ. ಆದರೆ ಉತ್ತರ ಹೌದು.

ಇನ್ನು ಕೆಲವು ಪಿಒಗಳು ಬಂದಿದ್ದವು, ನಾವು ಒಪ್ಪಿಗೆ ಬರೆದಿರಲಿಲ್ಲ. ಕೆಲವು ಕಡೆ ನಮ್ಮ ಕೊಟೇಶನ್ ಹೋಗಿತ್ತು, ಗ್ರಾಹಕರ ಉತ್ತರ ಬಂದಿರಲಿಲ್ಲ. ನಮ್ಮ ಕೊಟೇಶನ್ ಕೆಳಗೆ “15 ದಿನ ಮಾನ್ಯ” ಅಂತ ಇರುತ್ತಿತ್ತು. ಆ ಒಂದು ಸಾಲು ನಮ್ಮನ್ನು ಕಾಪಾಡಿತು. ಅದಿಲ್ಲದೆ ಫೋನಿನಲ್ಲೋ ಮೆಸೇಜಿನಲ್ಲೋ ಹೇಳಿದ ದರಗಳೂ ಒಂದಷ್ಟು ಇದ್ದವು. ಅವಕ್ಕೆ ಜುಲೈ 31ರ ತನಕ ಅಂತ ನಾವೇ ಗಡಿ ಹಾಕಿದೆವು.

ತಲೆನೋವು ತಂದದ್ದು ಕಂತು ಕಂತಾಗಿ ಕಳುಹಿಸುವ ಆರ್ಡರ್‌ಗಳು. ಒಬ್ಬರು 20,000 ಪೆಟ್ಟಿಗೆಗೆ ಒಂದೇ ಪಿಒ ಕೊಟ್ಟು, ತಿಂಗಳಿಗೆ 5,000 ತೆಗೆದುಕೊಳ್ಳುತ್ತಿದ್ದರು. ಅರ್ಧ ಹೋಗಿತ್ತು. ಉಳಿದ 10,000 ಯಾವ ದರಕ್ಕೆ? ಒಟ್ಟು ಸಂಖ್ಯೆ ಆರ್ಡರ್‌ನಲ್ಲೇ ಇದೆ, ನಾವು ಒಪ್ಪಿದ್ದೇವೆ. ಹಾಗಾಗಿ ಇಡೀ 20,000 ಹಳೆ ದರಕ್ಕೇ. ಇನ್ನೊಬ್ಬರ ಪಿಒನಲ್ಲಿ ಒಟ್ಟು ಸಂಖ್ಯೆಯೇ ಇರಲಿಲ್ಲ. “ಬೇಕಾದಂತೆ ತಿಳಿಸುತ್ತೇವೆ” ಅಂತಷ್ಟೇ ಇತ್ತು. ಅಲ್ಲಿ ಅವರು ಪ್ರತಿ ಸಲ ಸಂಖ್ಯೆ ತಿಳಿಸಿದಾಗಲೇ ಒಂದು ಆರ್ಡರ್ ಹುಟ್ಟುತ್ತದೆ ಅಂತ ಹಿಡಿದೆವು. ನೋಡಲು ಎರಡೂ ಒಂದೇ ತರಹದ ಕಾಗದ, ಫಲ ಬೇರೆ.

ವರ್ಷದ ಕಾಂಟ್ರ್ಯಾಕ್ಟ್ ಇದ್ದ ಆರು ಗ್ರಾಹಕರನ್ನು ಪೂರ್ತಿ ಬೇರೆ ಇಟ್ಟೆವು. ನಾಲ್ಕರಲ್ಲಿ ಪೇಪರ್ ಬೆಲೆಯ ಕರಾರಿತ್ತು. ಅವರಿಗೆ ಸಾಗಣೆಯ 0.7 ಬಿಟ್ಟು ಪೇಪರ್‌ನ 8.1 ಮಾತ್ರ, 30 ದಿನ ತುಂಬಿದ ಮೇಲೆ, ಆಗಸ್ಟ್ 6ರಿಂದ. ಎರಡರಲ್ಲಿ ವರ್ಷದ ಕೊನೆಯವರೆಗೆ ದರ ಬದಲಿಲ್ಲ ಅಂತ ನಾವೇ ಸಹಿ ಹಾಕಿದ್ದೆವು. ಅವರಿಗೆ ಪತ್ರವನ್ನೇ ಕಳುಹಿಸಲಿಲ್ಲ. ಮೊದಲ ಸಲ ಎಲ್ಲ 64 ಜನರಿಗೂ ಒಂದೇ ಪತ್ರ ಹಾಕಿದ್ದು ಎಷ್ಟು ಅವಸರದ ಕೆಲಸ ಅಂತ ಆಗ ಅರ್ಥವಾಯಿತು.

ಜುಲೈ 6ರಂದು, ಕಾಂಟ್ರ್ಯಾಕ್ಟ್ ಇಲ್ಲದ 58 ಗ್ರಾಹಕರಿಗೆ ಹೋದ ಪತ್ರ ಇದು:

“ಮಾನ್ಯರೇ,

ದರ ಪರಿಷ್ಕರಣೆ ಕುರಿತ ನಮ್ಮ ಜೂನ್ 18ರ ಪತ್ರವನ್ನು ಹಿಂತೆಗೆದುಕೊಂಡಿದ್ದೇವೆ. ಅದರ ಬದಲು ಈ ಪತ್ರ ಅನ್ವಯಿಸುತ್ತದೆ. ಆ ಪತ್ರದ ಆಧಾರದ ಮೇಲೆ ಜುಲೈ 1ರಿಂದ 5ರವರೆಗೆ ಹೊಸ ದರದಲ್ಲಿ ಬಿಲ್ ಬಂದಿದ್ದರೆ, ವ್ಯತ್ಯಾಸದ ಮೊತ್ತಕ್ಕೆ ಜುಲೈ 12ರೊಳಗೆ ಕ್ರೆಡಿಟ್ ನೋಟ್ ಕಳುಹಿಸುತ್ತೇವೆ.

ಆಗಸ್ಟ್ 1ರಂದು ಅಥವಾ ಆಮೇಲೆ ನಮಗೆ ತಲುಪುವ ಆರ್ಡರ್‌ಗಳಿಗೆ ಈಗಿನ ದರಕ್ಕಿಂತ ಶೇ. 8.8 ಹೆಚ್ಚಿನ ದರ ಅನ್ವಯಿಸುತ್ತದೆ. ನಿಮ್ಮ ಪ್ರತಿ ಪೆಟ್ಟಿಗೆಯ ಹಳೆಯ ಮತ್ತು ಹೊಸ ದರದ ಪಟ್ಟಿ ಜೊತೆಗಿದೆ.

ಕ್ರಾಫ್ಟ್ ಪೇಪರ್ ಬೆಲೆ ಶೇ. 14 ಏರಿದೆ. ಪೆಟ್ಟಿಗೆಯ ಬೆಲೆಯಲ್ಲಿ ಅದರ ಪಾಲು ಶೇ. 58. ಸಾಗಣೆ ವೆಚ್ಚ ಶೇ. 10 ಏರಿದೆ, ಅದರ ಪಾಲು ಶೇ. 7. ಈ ಎರಡನ್ನು ಮಾತ್ರ ದರಕ್ಕೆ ಸೇರಿಸಿದ್ದೇವೆ. ಜನವರಿಯಲ್ಲಿ ಪೇಪರ್ ಬೆಲೆ ನೋಡಿ ದರವನ್ನು ಮತ್ತೆ ಪರಿಶೀಲಿಸುತ್ತೇವೆ.

ಈ ಪತ್ರದ ದಿನಾಂಕಕ್ಕೆ ಮೊದಲೇ ನಾವು ಒಪ್ಪಿರುವ ಆರ್ಡರ್‌ಗಳಿಗೆ, ಮಾಲು ಯಾವಾಗ ಹೊರಟರೂ, ಹಳೆ ದರವೇ.

ಇಂದಿನಿಂದ ಜುಲೈ 31ರವರೆಗಿನ ಆರ್ಡರ್‌ಗಳಿಗೂ ಹಳೆ ದರ. ಆದರೆ ಕಳೆದ ಮೂರು ತಿಂಗಳ ನಿಮ್ಮ ಸರಾಸರಿ ತಿಂಗಳ ಖರೀದಿಯ ಒಂದೂವರೆ ಪಟ್ಟಿನವರೆಗೆ ಮಾತ್ರ. ಈ ಮಾಲನ್ನು ಆಗಸ್ಟ್ 31ರೊಳಗೆ ತೆಗೆದುಕೊಳ್ಳಬೇಕು. ನಮ್ಮ ಕಡೆಯಿಂದ ತಡವಾದರೆ ಹಳೆ ದರ ಮುಂದುವರಿಯುತ್ತದೆ.

ಕೊಟೇಶನ್‌ಗಳು ಅವುಗಳಲ್ಲಿ ಬರೆದ ದಿನದವರೆಗೆ ಮಾನ್ಯ. ದಿನ ಬರೆಯದಿದ್ದರೆ ಜುಲೈ 31ರವರೆಗೆ.

ನಿಮ್ಮ ಬಾಕಿ ಆರ್ಡರ್‌ಗಳ ಪಟ್ಟಿ, ಪ್ರತಿಯೊಂದಕ್ಕೂ ಯಾವ ದರ ಎಂಬ ವಿವರದೊಂದಿಗೆ ಲಗತ್ತಿಸಿದ್ದೇವೆ. ವ್ಯತ್ಯಾಸ ಕಂಡರೆ ಜುಲೈ 20ರೊಳಗೆ ತಿಳಿಸಿ.”

ಇದರಲ್ಲಿ ಎರಡು ಕಡೆ ಬೆರಳಿಟ್ಟು ತೋರಿಸುತ್ತೇನೆ. ಹಳೆ ಆರ್ಡರ್‌ಗಳಿಗೆ “ಆಗಸ್ಟ್ 31ರೊಳಗೆ” ಅನ್ನುವ ಷರತ್ತು ಹಾಕಿಲ್ಲ, ಜುಲೈ 6ರ ನಂತರದವಕ್ಕೆ ಮಾತ್ರ ಹಾಕಿದ್ದೇವೆ. ಮೊದಲ ಕರಡಿನಲ್ಲಿ ಎರಡಕ್ಕೂ ಇತ್ತು. ಒಪ್ಪಿದ ಮೇಲೆ ಹೊಸ ಷರತ್ತು ಸೇರಿಸುವುದೂ ದರ ಬದಲಿಸಿದ ಹಾಗೇ, ಹಾಗಾಗಿ ತೆಗೆದೆವು. ಹೊಸ ಆರ್ಡರ್‌ಗಳಿಗೆ ಹಾಕಬಹುದು. ಆದರೆ ಪತ್ರದಲ್ಲಷ್ಟೇ ಇದ್ದರೆ ಸಾಲದು ಅಂತ ಪ್ರತಿ ಒಪ್ಪಿಗೆ ಪತ್ರದ ಮೇಲೂ ಆ ಸಾಲನ್ನು ಅಚ್ಚು ಹಾಕಿಸಿದೆವು.

ಇನ್ನೊಂದು ಆ ಒಂದೂವರೆ ಪಟ್ಟಿನ ಮಿತಿ. ಮುಂಚಿತವಾಗಿ ತಿಳಿಸಿದಷ್ಟೂ ಗ್ರಾಹಕರು ಹಳೆ ದರಕ್ಕೆ ರಾಶಿ ಹಾಕಿಕೊಳ್ಳಲು ಓಡಿಬರುತ್ತಾರೆ. ಜುಲೈ 8ಕ್ಕೇ ಒಬ್ಬರು ಬಂದರು. ತಿಂಗಳಿಗೆ ಸರಾಸರಿ 8,000 ತೆಗೆದುಕೊಳ್ಳುವವರು 40,000ಕ್ಕೆ ಪಿಒ ಕಳುಹಿಸಿದರು. 12,000 ಹಳೆ ದರಕ್ಕೆ, 28,000 ಹೊಸ ದರಕ್ಕೆ ಅಂತ ಬರೆದು ತಿರುಗಿಸಿದೆವು. ಸಿಟ್ಟಾದರು. ಪತ್ರದ ಆ ಸಾಲನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 12,000ಕ್ಕೆ ಪಿಒ ತಿದ್ದಿ ಕಳುಹಿಸಿದರು. ಮಿತಿ ಮೊದಲೇ ಬರೆದಿರದಿದ್ದರೆ ನಾವು ಇಲ್ಲ ಅನ್ನಬಹುದಿತ್ತು, ಆದರೆ ಅದು ಅವರೊಬ್ಬರ ಮೇಲಿನ ಹಟದ ಹಾಗೆ ಕೇಳಿಸುತ್ತಿತ್ತು.

ಸಾಫ್ಟ್‌ವೇರ್ ಕಡೆ ಈ ಸಲ ಹಳೆ ದರಪಟ್ಟಿಯನ್ನು ತಿದ್ದಲಿಲ್ಲ. ಅದನ್ನು ಹಾಗೇ ಇಟ್ಟು, ಆಗಸ್ಟ್‌ಗೆ ಬೇರೆಯೇ ಪಟ್ಟಿ ಮಾಡಿದೆವು. ಬಾಕಿ ಇದ್ದ ಪ್ರತಿ ಆರ್ಡರ್‌ಗೆ ಅದರ ಪಟ್ಟಿಯನ್ನು ಕೈಯಾರೆ ಜೋಡಿಸಿ, ಜುಲೈ 29ರಂದು ಪ್ರತಿ ಬಗೆಯ ಒಂದೊಂದು ಆರ್ಡರ್‌ಗೆ ಪರೀಕ್ಷೆಗೆ ಬಿಲ್ ತೆಗೆದು ನೋಡಿದೆವು. ಆಗಸ್ಟ್‌ನ ಮೊದಲ ವಾರ ಯಾವ ಬಿಲ್ಲೂ ಪಿಒ ಪಕ್ಕದಲ್ಲಿಟ್ಟು ನೋಡದೆ ಹೊರಡಲಿಲ್ಲ. ಒಂದು ತಪ್ಪು ಸಿಕ್ಕಿತು, ಕಂತಿನ ಆರ್ಡರ್‌ನದ್ದು. ಗೇಟ್ ದಾಟುವ ಮೊದಲೇ ಸಿಕ್ಕಿತು.

ಔಷಧಿ ಕಂಪನಿಯವರು ಪೇಪರ್‌ನ 8.1ನ್ನು ಒಪ್ಪಿದರು. 58 ಜನರಲ್ಲಿ ಮೂವರು ಬೇರೆ ಕಡೆ ಕೊಟೇಶನ್ ಕೇಳಿದರು, ಒಬ್ಬರು ಬಿಟ್ಟುಹೋದರು. ಪತ್ರ ಎಷ್ಟು ಚೆನ್ನಾಗಿದ್ದರೂ ಬೆಲೆ ಭಾರವಾದವರನ್ನು ಹಿಡಿದಿಡುವುದಿಲ್ಲ.

ಜನವರಿಯಲ್ಲಿ ಪೇಪರ್ ಶೇ. 6 ಇಳಿಯಿತು. ಮಾತು ಕೊಟ್ಟಿದ್ದೆವು, ಇಳಿಸುವ ಪತ್ರ ಬರೆಯಲು ಕೂತೆ. ಬೆಲೆ 108.8ರಲ್ಲಿ ಪೇಪರ್ ಈಗ 66.1. ಅದರ ಶೇ. 6 ಅಂದರೆ ಸುಮಾರು 4. ದರ ಶೇ. 3.6 ಇಳಿಯಬೇಕು. “ಫೆಬ್ರವರಿ 1ರಿಂದ ತಲುಪುವ ಆರ್ಡರ್‌ಗಳಿಗೆ” ಅಂತ ಹಳೆಯ ನಿಯಮವನ್ನೇ ಬರೆದೆ. ಬರೆದು ಮುಗಿಸುವಾಗ ಹೊಳೆಯಿತು: ಇಳಿಕೆಯಲ್ಲಿ ಇದು ನಡೆಯುವುದಿಲ್ಲ. ಜನವರಿಯ ಆರ್ಡರ್ ಇರುವವರು ಅದನ್ನು ರದ್ದು ಮಾಡಿ ಫೆಬ್ರವರಿ 1ಕ್ಕೆ ಮತ್ತೆ ಕೊಡಲು ನೋಡುತ್ತಾರೆ. ಉಳಿದವರು ಜನವರಿಯಲ್ಲಿ ಆರ್ಡರನ್ನೇ ಕೊಡುವುದಿಲ್ಲ, ಮೆಷಿನ್ ಖಾಲಿ ನಿಲ್ಲುತ್ತದೆ. ಆ ಸಾಲನ್ನು ಹೊಡೆದುಹಾಕಿ, ಪತ್ರದ ದಿನದಿಂದಲೇ ಹೊರಡುವ ಎಲ್ಲ ಮಾಲಿಗೆ, ಬಾಕಿ ಆರ್ಡರ್‌ಗಳೂ ಸೇರಿ, ಹೊಸ ದರ ಅಂತ ಬರೆದೆ. ಆಮೇಲೆ ಬಾಕಿ ಆರ್ಡರ್ ಇದ್ದ ಪ್ರತಿ ಗ್ರಾಹಕರಿಗೂ ಫೋನ್ ಮಾಡಿ, ದಯವಿಟ್ಟು ನಿಮ್ಮ ಪಿಒನಲ್ಲೂ ದರ ತಿದ್ದಿ ಕಳುಹಿಸಿ, ಅಂತ ಕೇಳಿಕೊಂಡೆ. ಕಡಿಮೆ ದರದ ಬಿಲ್ ಆದರೂ ಪಿಒಗೆ ಹೊಂದದಿದ್ದರೆ ಅಕೌಂಟ್ಸ್‌ನಲ್ಲಿ ಪ್ರಶ್ನೆ ಏಳಬಹುದಲ್ಲ.